ಮಾತಿಗೆ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು



ಇಂದು ನಾನು ಗಂಡಸರಿಗೆ ಮಾಡುವ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯನ್ನು ಕುರಿತು ಮಾತನಾಡಲು ಬಂದಿದ್ದೇನೆ. ಈ ಮಾತಿನಲ್ಲಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ನಾನು ಹೇಗೆ ನಿರ್ಧರಿಸಿದೆನೆಂಬುದನ್ನೂ ಜೊತೆಗೇ ಹೇಳುತ್ತೇನೆ. ಏಕೆಂದರೆ ನಾಳೆ ಇದೇ ವಿಷಯವನ್ನು ನೀವು ನಿಮ್ಮ ಮನೆಯಲ್ಲಿ, ಪತಿಗೋ ಪತ್ನಿಗೋ ಹಿರಿಯರಿಗೋ ಹೇಳಬೇಕಾಗುತ್ತದೆ.

ಹಿಂದೊಮ್ಮೆ ಬೇರೊಂದು ಗ್ರಾಮದಲ್ಲಿ ಇದೇ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿದೆ. ದೇಶದ ಜನಸಂಖ್ಯೆಯ ಲೆಕ್ಕ ಹೇಳಿದೆ, ಶರೀರದ ಒಳಭಾಗಗಳ ಚಿತ್ರಪಟ ತೋರಿಸಿದೆ, ಎಲ್ಲ ವಿಧಾನಗಳನ್ನೂ ವಿವರಿಸಿದೆ. ಕೊನೆಯಲ್ಲಿ ರೈತರೊಬ್ಬರು ಎದ್ದು, "ಡಾಕ್ಟರೇ, ಇದನ್ನು ಮಾಡಿಸಿಕೊಂಡವನು ಮತ್ತೆ ನೇಗಿಲು ಹಿಡಿಯಬಹುದೇ?" ಎಂದು ಕೇಳಿದರು. ಅಷ್ಟು ಹೊತ್ತು ಮಾತನಾಡಿಯೂ ಆ ಒಂದು ಪ್ರಶ್ನೆಗೆ ನಾನು ಉತ್ತರ ಹೇಳಿರಲಿಲ್ಲ. ನನಗೆ ತಿಳಿದದ್ದನ್ನೆಲ್ಲ ಹೇಳಿದ್ದೆ. ಅವರಿಗೆ ಬೇಕಾದದ್ದನ್ನು ಕೇಳಿರಲಿಲ್ಲ.

ಆದ್ದರಿಂದ ನಿಮ್ಮ ಊರಿಗೆ ಬರುವ ಹದಿನೈದು ದಿನ ಮೊದಲೇ ನಾನು ಅರಳಿಕಟ್ಟೆಯಲ್ಲಿ ಗಂಡಸರೊಡನೆ ಕುಳಿತೆ. ನಮ್ಮ ಆರೋಗ್ಯ ಸಹಾಯಕಿಯವರು ಅಂಗನವಾಡಿಯಲ್ಲಿ ಹೆಂಗಸರೊಡನೆ ಕುಳಿತರು. ತಿಳಿಯಬೇಕಾದದ್ದು ಮೂರು: ಕೇಳುವವರಿಗೆ ಈಗಾಗಲೇ ಏನು ಗೊತ್ತಿದೆ? ಅವರಿಗೆ ಏನು ಬೇಕಾಗಿದೆ? ಅವರ ಆಕ್ಷೇಪಣೆ ಏನು? "ನಿಮಗೆ ಇದು ಗೊತ್ತೇ?" ಎಂದು ನೇರವಾಗಿ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. "ಈ ವಿಷಯವಾಗಿ ಊರಿನಲ್ಲಿ ಜನ ಏನೆನ್ನುತ್ತಾರೆ?" ಎಂದು ಕೇಳಿದರೆ, ತಮ್ಮ ಮನಸ್ಸಿನ ಭಯವನ್ನು ಪರರ ಮಾತಾಗಿ ಹೇಳಲು ಯಾರಿಗೂ ಸಂಕೋಚವಾಗುವುದಿಲ್ಲ.

ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರವೆಂದರೆ, ಎರಡು ಮಕ್ಕಳು ಸಾಕೆಂಬುದೂ, ಗಂಡಸರಿಗೂ ಶಸ್ತ್ರಚಿಕಿತ್ಸೆ ಉಂಟೆಂಬುದೂ ನಿಮಗೆಲ್ಲ ತಿಳಿದೇ ಇದೆ. ಆದಕಾರಣ ಜನಸಂಖ್ಯೆಯ ಮಾತನ್ನು ಪೂರ್ತಿಯಾಗಿ ಬಿಟ್ಟೆ. ಆದರೆ ಒಂದು ವಿಷಯ ತಪ್ಪಾಗಿ ತಿಳಿದಿತ್ತು. ಇದು ಹೋರಿಗೆ ಬೀಜ ಒಡೆಸಿದಂತೆಯೇ ಎಂದು ಅನೇಕರು ಭಾವಿಸಿದ್ದರು. ತಪ್ಪು ತಿಳಿವಳಿಕೆಯನ್ನು ತೆಗೆಯದೆ ಅದರ ಮೇಲೆ ಹೊಸದನ್ನು ಹೇಳಿದರೆ ನಿಲ್ಲುವುದಿಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಹೋರಿಗೆ ಬೀಜವನ್ನೇ ಕೆಡಿಸುತ್ತಾರೆ. ಇಲ್ಲಿ ಬೀಜವನ್ನು ಮುಟ್ಟುವುದಿಲ್ಲ. ಎರಡೂ ಬೀಜಗಳಿಂದ ವೀರ್ಯಾಣುಗಳನ್ನು ಒಯ್ಯುವ ಒಂದೊಂದು ತೆಳು ನಾಳವಿದೆ. ಆ ಜಾಗ ಮಾತ್ರ ಮರಗಟ್ಟುವಂತೆ ಸೂಜಿಮದ್ದು ಕೊಟ್ಟು, ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ನಾಳವನ್ನು ಕತ್ತರಿಸಿ ಕಟ್ಟುತ್ತಾರೆ. ಚರ್ಮಕ್ಕೆ ಹೊಲಿಗೆಯ ಅಗತ್ಯವಿರುವುದಿಲ್ಲ. ಪುರುಷತ್ವವನ್ನು ಕೊಡುವ ರಸವು ಬೀಜದಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ಬಲ, ಧ್ವನಿ, ಗಡ್ಡ ಮೀಸೆ, ದಾಂಪತ್ಯದ ಆಸೆ ಯಾವುದೂ ಕುಂದುವುದಿಲ್ಲ. ವೀರ್ಯವೂ ಮೊದಲಿನಂತೆಯೇ ಬರುತ್ತದೆ. ಅದರಲ್ಲಿ ವೀರ್ಯಾಣುಗಳು ಇರುವುದಿಲ್ಲ, ಅಷ್ಟೆ.

ಎರಡನೆಯದಾಗಿ, ಗಂಡಸರು ಬಯಸಿದ್ದು ಉಪದೇಶವನ್ನಲ್ಲ, ದಿನಗಳ ಲೆಕ್ಕವನ್ನು. ಲೆಕ್ಕ ಹೀಗಿದೆ. ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ ಬೇಕು. ನೇಗಿಲು, ಮೂಟೆ ಹೊರುವುದು, ಸೈಕಲ್ ತುಳಿಯುವುದು ಇವನ್ನು ಸುಮಾರು ಒಂದು ವಾರ ಬಿಡಬೇಕು. ಆದ್ದರಿಂದ ಬಿತ್ತನೆಯ ಕಾಲಕ್ಕಿಂತ ಸುಗ್ಗಿ ಮುಗಿದ ಮೇಲೆ ಬರುವುದು ಅನುಕೂಲ. ಸ್ವಲ್ಪ ನೋವು, ಬಾವು ಇರುವುದು ಸಹಜ. ಜ್ವರ ಬಂದರೆ, ಬಾವು ಹೆಚ್ಚುತ್ತ ಹೋದರೆ, ಕೀವು ಅಥವಾ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಮೂರನೆಯದು ಆಕ್ಷೇಪಣೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ಅರಳಿಕಟ್ಟೆಯಲ್ಲಿ ಹೊರಬರಲೇ ಇಲ್ಲ. ಅಂಗನವಾಡಿಯಲ್ಲಿ ಒಬ್ಬ ತಾಯಿ, "ಅವರು ಮಾಡಿಸಿಕೊಂಡ ಮೇಲೂ ನಾನು ಬಸುರಿಯಾದರೆ ಊರು ಯಾರ ಕಡೆ ಬೆರಳು ತೋರಿಸುತ್ತದೆ, ಅಕ್ಕಾ?" ಎಂದು ಕೇಳಿದರಂತೆ. ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ. ನಾನು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬೇಕೆಂದಿದ್ದ ವಿಷಯವೇ ಇದರಿಂದ ಇಂದಿನ ಮಾತಿನ ಮುಖ್ಯ ಭಾಗವಾಯಿತು.

ನಾಳವನ್ನು ಕಟ್ಟಿದ ಜಾಗದಿಂದ ಮುಂದೆ ಮೊದಲೇ ಸೇರಿದ್ದ ವೀರ್ಯಾಣುಗಳು ಉಳಿದಿರುತ್ತವೆ. ಹೊಲದ ತೂಬು ಮುಚ್ಚಿದರೂ ಕಾಲುವೆಯಲ್ಲಿ ನಿಂತ ನೀರು ಹರಿದು ಮುಗಿಯಬೇಕಲ್ಲವೇ? ಆದ್ದರಿಂದ ಮೂರು ತಿಂಗಳು ತಪ್ಪದೆ ಪ್ರತಿ ಸಲವೂ ನಿರೋಧ್ ಬಳಸಬೇಕು. ಇಲ್ಲವೇ ಪತ್ನಿ ಬೇರೊಂದು ವಿಧಾನವನ್ನು ಅನುಸರಿಸಬೇಕು. ಮೂರು ತಿಂಗಳ ನಂತರ ವೀರ್ಯಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ವೈದ್ಯರು ಹೇಳಿದ ಮೇಲೆ ಮಾತ್ರ ಬಿಡಬಹುದು. ಆ ಬಳಿಕವೂ ನಾಳಗಳು ತಾವಾಗಿಯೇ ಕೂಡಿಕೊಳ್ಳುವುದುಂಟು. ಆದರೆ ಅದು ಬಹು ಅಪರೂಪ. ಮುಟ್ಟು ನಿಂತರೆ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಬನ್ನಿರಿ. ಪತ್ನಿಯನ್ನು ಶಂಕಿಸುವ ಮೊದಲು ಪತಿಯ ವೀರ್ಯಪರೀಕ್ಷೆಯಾಗಲಿ. ಈ ಮಾತನ್ನು ಗಂಡಸರು ವಿಶೇಷವಾಗಿ ನೆನಪಿಡಬೇಕು.

ಹಿರಿಯರು ಮೌನವಾಗಿದ್ದುದನ್ನು ನಾನು ಮೊದಲು ಮೂಢನಂಬಿಕೆಯೆಂದು ಎಣಿಸಿದ್ದೆ. ಅದು ತಪ್ಪು. ಅವರಿಗೆ 1975-77ರ ತುರ್ತುಪರಿಸ್ಥಿತಿಯ ನೆನಪು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಗಂಡಸರಿಗೂ ಹೆಂಗಸರಿಗೂ ಸೇರಿ 80 ಲಕ್ಷಕ್ಕೂ ಹೆಚ್ಚು ಸಂತಾನ ನಿರೋಧ ಶಸ್ತ್ರಚಿಕಿತ್ಸೆಗಳಾದವು. ಅನೇಕ ಕಡೆ ಬಲವಂತವೂ ನಡೆಯಿತು. ನಿಜವಾದ ಆಕ್ಷೇಪಣೆಯನ್ನು ಅಲ್ಲಗಳೆದರೆ ನನ್ನ ಉಳಿದ ಮಾತನ್ನೂ ಅವರು ನಂಬಬೇಕಾಗಿಲ್ಲ. ಆದ್ದರಿಂದ ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಇಂದು ಮಾಡಿಸಿಕೊಳ್ಳುವವರೇ ಎಲ್ಲವನ್ನೂ ತಿಳಿದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಯಾವ ಗಳಿಗೆಯಲ್ಲಾದರೂ ಬೇಡವೆನ್ನಬಹುದು. ಬೇಡವೆಂದವರಿಗೆ ಇತರ ಚಿಕಿತ್ಸೆಗಳು ನಿಲ್ಲುವುದಿಲ್ಲ.

"ಮುಂದೆ ಮತ್ತೆ ಮಗು ಬೇಕೆನಿಸಿದರೆ?" ಎಂಬ ಆಕ್ಷೇಪಣೆಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ನಾಳಗಳನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಉಂಟು, ಆದರೆ ಫಲ ದೊರೆಯುವ ಭರವಸೆಯಿಲ್ಲ. ಮನಸ್ಸಿನಲ್ಲಿ ಸಂದೇಹವಿರುವ ದಂಪತಿಗಳಿಗೆ ಇದು ತಕ್ಕ ವಿಧಾನವಲ್ಲ. ಅವರು ಕಾಪರ್-ಟಿಯಂತಹ, ಬೇಕೆಂದಾಗ ತೆಗೆಸಬಹುದಾದ ವಿಧಾನವನ್ನು ಆರಿಸಿಕೊಳ್ಳಲಿ. ಅದರ ವಿವರಕ್ಕೆ ಬೇರೊಂದು ದಿನವೇ ಬೇಕು.

ಇನ್ನು ಮನೆಯ ಮಾತು. ನಿಮ್ಮ ತಾಯಿಯವರು ಬೇಡವೆಂದರೆ ಕೂಡಲೇ ವಾದಕ್ಕೆ ತೊಡಗಬೇಡಿರಿ. "ಯಾಕಮ್ಮಾ, ನಿನಗೆ ಏನು ಭಯ?" ಎಂದು ಮೊದಲು ಕೇಳಿರಿ. ಮಗನ ಕಸುವು ಹೋದೀತೆಂಬ ಭಯವಾದರೆ ಹೋರಿಯ ಮಾತನ್ನು ವಿವರಿಸಿರಿ. ಮೊಮ್ಮಗ ಬೇಕೆಂಬ ಆಸೆಯಾದರೆ ಆ ವಿವರಣೆಯಿಂದ ಏನೂ ಪ್ರಯೋಜನವಿಲ್ಲ. ಆಗ ನಡೆಯಬೇಕಾದ ಮಾತೇ ಬೇರೆ.

ಈಗ ನಿಮ್ಮಲ್ಲಿ ಒಬ್ಬಿಬ್ಬರು ಎದ್ದು, ನಿಮ್ಮ ತಮ್ಮನಿಗೆ ಹೇಳುವಂತೆ, ಮೂರು ತಿಂಗಳ ವಿಷಯವನ್ನು ನನಗೆ ಹೇಳಿರಿ. "ಆಪರೇಷನ್ ಆದ ದಿನದಿಂದಲೇ ನಿಶ್ಚಿಂತೆ" ಎಂಬ ಉತ್ತರ ಬಂದರೆ ಅದು ನಿಮ್ಮ ತಪ್ಪಲ್ಲ, ನಾನು ಸರಿಯಾಗಿ ಹೇಳಲಿಲ್ಲವೆಂದೇ ಅರ್ಥ. ಆಗ ಇನ್ನೊಮ್ಮೆ ಹೇಳಿಯೇ ನಾನು ಇಲ್ಲಿಂದ ಹೊರಡುತ್ತೇನೆ.