ಬಣ್ಣದಲ್ಲಿ ಬರೆದಿಟ್ಟ ಗಾಳಿ



ಮಕ್ಕಳು ಆಡುವ ಗಣಕದ ಆಟಗಳಲ್ಲಿ ಕಾಡಿನ ಮರಗಳು ಗಾಳಿಗೆ ತೂಗುವುದನ್ನು ತಾವೂ ಕಂಡಿರಬಹುದು. ಆ ಗಾಳಿ ಎಲ್ಲಿಂದ ಬೀಸುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಮನುಷ್ಯಾಕೃತಿಯನ್ನು ಚಲಿಸುವಂತೆ ಮಾಡಲು ಅದರೊಳಗೆ ಎಲುಬುಗಳನ್ನು ಕಲ್ಪಿಸುವುದು ರೂಢಿ. ಎಲುಬು ತಿರುಗಿದಂತೆ ಮೈಯೂ ತಿರುಗುತ್ತದೆ. ಆದರೆ ಎಲೆಗೊಂದರಂತೆ ಎಲುಬನ್ನಿಟ್ಟು, ಒಂದು ಕಾಡನ್ನೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಹೊರಟರೆ ಯಂತ್ರವು ಬಳಲೀತು. 2007ರಲ್ಲಿ ಹೊರಬಂದ ‘ಕ್ರೈಸಿಸ್’ ಎಂಬ ಆಟಕ್ಕಾಗಿ ಜರ್ಮನಿಯ ಕ್ರೈಟೆಕ್ ಸಂಸ್ಥೆಯವರು ಬೇರೊಂದು ಹಾದಿ ಹಿಡಿದರು. ಅಲ್ಲಿನ ಟಿಯಾಗೊ ಸೌಜಾ ಎಂಬವರು ಅದನ್ನು ಅದೇ ವರ್ಷ ವಿವರಿಸಿ ಬರೆದರು.

ಗಣಕದ ಮರವೆಂದರೆ ಸಣ್ಣ ತ್ರಿಕೋನಗಳ ಜೋಡಣೆ. ತ್ರಿಕೋನದ ಮೂಲೆಯ ಬಿಂದುವಿಗೆ ವರ್ಟೆಕ್ಸ್ ಎಂದು ಹೆಸರು. ಪ್ರತಿ ಬಿಂದುವಿಗೂ 0ಯಿಂದ 1ರವರೆಗಿನ ಬಣ್ಣದ ಅಂಕಿಗಳನ್ನು ಅಂಟಿಸಬಹುದು. ಇಲ್ಲಿ ಬಣ್ಣವಿರುವುದು ಕಣ್ಣಿಗೆ ಕಾಣಲೆಂದಲ್ಲ, ಎಲೆಯ ಸ್ವಭಾವವನ್ನು ಬರೆದಿಡಲೆಂದು. ಕೆಂಪು ಎಲೆಯಂಚಿನ ಬಿಗುವನ್ನೂ ನೀಲಿ ಇಡೀ ಎಲೆಯ ಬಿಗುವನ್ನೂ ಹೇಳುತ್ತದೆ. ಹಸಿರು ಆ ಎಲೆ ತೂಗತೊಡಗುವ ಸರದಿಯನ್ನು ಹೇಳುತ್ತದೆ. ವರ್ಟೆಕ್ಸ್ ಶೇಡರ್ ಎಂಬ ಕಿರುಕ್ರಮವು ಈ ಅಂಕಿಗಳನ್ನು ಓದಿ, ಅಲೆಯಂತೆ ಏರಿಳಿಯುವ ಒಂದು ಸಂಖ್ಯೆಯೊಡನೆ ಗುಣಿಸಿ, ಬಿಂದುವನ್ನು ಅಷ್ಟು ಸರಿಸುತ್ತದೆ. ಗುಣಕವು ಸೊನ್ನೆಯಾದಲ್ಲಿ ಬಿಂದುವು ಅಲುಗದು.

ಬಣ್ಣ ತಪ್ಪಿದರೆ ದೋಷವು ಕೂಡಲೇ ಕಾಣುತ್ತದೆ. ಎಲ್ಲ ಎಲೆಗಳಿಗೂ ಒಂದೇ ಹಸಿರಿದ್ದರೆ ಅವು ಶಾಲೆಯ ಕವಾಯತಿನಂತೆ ಒಟ್ಟಿಗೆ ತಲೆದೂಗುತ್ತವೆ. ತೊಟ್ಟಿನ ಬುಡದ ಗುಣಕ ಸೊನ್ನೆಯಾಗಿರದಿದ್ದರೆ ಎಲೆಯು ಕೊಂಬೆಯಿಂದ ಕಳಚಿ ಗಾಳಿಯಲ್ಲಿ ತೇಲಿದಂತೆ ತೋರುತ್ತದೆ.

ಇನ್ನು ಇಡೀ ಮರದ ಬಾಗು. ಇದಕ್ಕೆ ಬಣ್ಣ ಬೇಡ, ಎತ್ತರವೇ ಸಾಕು. ಬುಡದ ಬಿಂದು ನಿಲ್ಲುತ್ತದೆ, ತುದಿಯದು ಹೆಚ್ಚು ಸರಿಯುತ್ತದೆ. ಆದರೆ ಒಂದು ತೊಡಕುಂಟು. ಬುಡದಿಂದ ನೇರವಾಗಿ 12 ಅಡಿ ಮೇಲಿರುವ ತುದಿಯನ್ನು 5 ಅಡಿ ಪಕ್ಕಕ್ಕೆ ಸರಿಸಿದರೆ, ಬುಡದಿಂದ ಅದರ ದೂರವು 13 ಅಡಿಯಾಗುತ್ತದೆ. ಮರವು ಬಾಗಿದುದಲ್ಲ, ರಬ್ಬರಿನಂತೆ ಹಿಗ್ಗಿದುದಾಯಿತು! ಆದಕಾರಣ ಶೇಡರು ಆ ಬಿಂದುವನ್ನು ಅದೇ ದಿಕ್ಕಿನಲ್ಲಿ 12 ಅಡಿಗೆ ಹಿಂದಕ್ಕೆಳೆಯುತ್ತದೆ. ಆಗ ಪಕ್ಕದ ಸರಿತ ಸುಮಾರು 4.6 ಅಡಿ, ಎತ್ತರ ಸುಮಾರು 11.1 ಅಡಿ. ತುದಿಯು ಬಾಗುತ್ತಲೇ ತುಸು ತಗ್ಗುತ್ತದೆ. ನಿಜವಾದ ಮರವೂ ಹಾಗೆಯೇ ಅಲ್ಲವೇ?

ನೆರಳನ್ನು ಬರೆಯುವಾಗಲೂ ಇದೇ ಲೆಕ್ಕ ನಡೆಯಬೇಕು. ಮರೆತರೆ ಮರ ತೂಗುತ್ತದೆ, ನೆರಳು ಕಲ್ಲಾಗಿ ನಿಲ್ಲುತ್ತದೆ. ಈ ವಿಧಾನಕ್ಕೆ ಮಿತಿಯೂ ಇದೆ. ಶೇಡರು ಸರಿಸಿದ ಸ್ಥಾನವು ಚಿತ್ರದಲ್ಲಿ ಮಾತ್ರ ಉಂಟು. ಆಟದ ಉಳಿದ ಲೆಕ್ಕಗಳಿಗೆ ಮರವು ಅಲುಗಿಯೇ ಇಲ್ಲ. ಆದುದರಿಂದ ಹಕ್ಕಿಯೊಂದನ್ನು ತೂಗುವ ಕೊಂಬೆಯ ಮೇಲೆ ಕೂರಿಸಬೇಕಾದರೆ, ಹಕ್ಕಿಗೂ ಅದೇ ಲೆಕ್ಕವನ್ನು ಕಲಿಸಬೇಕು. ಇಲ್ಲವಾದರೆ ಕೊಂಬೆ ಸರಿದುಹೋಗಿ, ಹಕ್ಕಿಯು ಬರಿಯ ಬಯಲಿನಲ್ಲಿ ಕುಳಿತಿರುತ್ತದೆ.