‘ಈ ಕೇಸುಗಳೇ ಯಾಕೆ?’: ಶಿವಾಜಿನಗರ ಕೋರ್ಟು, ಚೆಕ್ ಬೌನ್ಸ್ ಮತ್ತು ಒಂದು ಎಲ್‌ಎಲ್‌ಎಂ ವೈವಾ

ಎಲ್‌ಎಲ್‌ಎಂ ಓದುತ್ತಿರುವ ಗೆಳತಿಯೊಬ್ಬರು ವೈವಾಗೆ ತಯಾರಾಗುವಾಗ, ಸಂಶೋಧನಾ ವಿಧಾನದ ಬಗ್ಗೆ ಪ್ರಶ್ನೆ ಕೇಳೋ ಕೆಲಸ ನನ್ನ ಪಾಲಿಗೆ ಬಂತು. ಕಾನೂನು ನನ್ನ ಕ್ಷೇತ್ರ ಅಲ್ಲ. ಆದರೆ ‘ಈ ಡೇಟಾ ಎಲ್ಲಿಂದ ಬಂತು’ ಅಂತ ಕೇಳೋದು ನಮ್ಮಂಥವರ ದಿನನಿತ್ಯದ ಕೆಲಸವೇ.

ಅವರ ವಿಷಯ ಚೆಕ್ ಬೌನ್ಸ್. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 2018ರಲ್ಲಿ 143ಎ ಎಂಬ ಕಲಂ ಸೇರಿತು. ಆರೋಪಿ ‘ನಾನು ತಪ್ಪು ಮಾಡಿಲ್ಲ’ ಎಂದ ಮೇಲೆ, ಕೇಸು ಮುಗಿಯುವ ಮೊದಲೇ, ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಐದು ಲಕ್ಷದ ಚೆಕ್ ಆದರೆ ಹೆಚ್ಚೆಂದರೆ ಒಂದು ಲಕ್ಷ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರಿಗೆ ಅದು ಸಣ್ಣ ಹಣವಲ್ಲ.

ಮೊದಲ ಪ್ರಶ್ನೆ: ಇದು ಡಾಕ್ಟ್ರಿನಲ್ ಸಂಶೋಧನೆಯೋ, ಎಂಪಿರಿಕಲ್ಲೋ? ಉತ್ತರ ನೀವು ಏನು ಕೇಳ್ತಿದ್ದೀರಿ ಅನ್ನೋದರ ಮೇಲೆ ನಿಂತಿದೆ. ‘ಈ ಪರಿಹಾರ ಕೊಡಿಸಲೇಬೇಕೇ, ಅಥವಾ ಕೊಡಿಸಬಹುದೇ?’ ಇದು ಡಾಕ್ಟ್ರಿನಲ್ ಪ್ರಶ್ನೆ. ಕಲಮಿನ ಪದಗಳನ್ನೂ ತೀರ್ಪುಗಳನ್ನೂ ಓದಿದರೆ ಉತ್ತರ ಸಿಗುತ್ತದೆ. ರಾಕೇಶ್ ರಂಜನ್ ಶ್ರೀವಾಸ್ತವ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯವಲ್ಲ, ವಿವೇಚನೆಗೆ ಬಿಟ್ಟದ್ದು ಎಂದಿತು. ಇದಕ್ಕೆ ನೂರು ಜನರ ಸರ್ವೆ ಮಾಡಿದರೆ ಪ್ರಯೋಜನವಿಲ್ಲ. ವಕೀಲರ ಅಭಿಪ್ರಾಯದ ಶೇಕಡಾವಾರು ಕಾನೂನಿನ ಅರ್ಥ ಆಗೋದಿಲ್ಲ.

‘ಹಾಗಾದರೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಈ ಪರಿಹಾರ ನಿಜವಾಗಿ ಎಷ್ಟು ಜನಕ್ಕೆ ಸಿಗ್ತಿದೆ?’ ಇದು ಎಂಪಿರಿಕಲ್. ಇದನ್ನು ಲಾ ರಿಪೋರ್ಟ್ ಓದಿ ಹೇಳಲಾಗದು. ಅಲ್ಲಿಗೆ ಬರೋದು ಹೆಚ್ಚಾಗಿ ಮೇಲಿನ ಕೋರ್ಟಿಗೆ ಹೋದ, ಜಗಳ ಬೆಳೆದ ಕೇಸುಗಳು. ದಿನಾ ನಡೆಯುವ ಸಾಮಾನ್ಯ ಕೇಸು ಅಲ್ಲಿ ಕಾಣಿಸೋದೇ ಇಲ್ಲ.

ಎರಡನೇ ಪ್ರಶ್ನೆಯೇ ಕಠಿಣ: ಈ ಕೇಸುಗಳನ್ನೇ ಯಾಕೆ ಆರಿಸಿದಿರಿ? ಇ–ಕೋರ್ಟ್ಸ್ ತಾಣದಲ್ಲಿ ಕೇಸಿನ ಬಗೆ ಮತ್ತು ವರ್ಷ ಕೊಟ್ಟು ಹುಡುಕುವಾಗ Pending, Disposed ಅಂತ ಎರಡು ಆಯ್ಕೆ ಇರುತ್ತದೆ. ಮುಗಿದ ಕೇಸಿನ ಕಡತ ಪೂರ್ತಿ ಇರುತ್ತದಲ್ಲ ಅಂತ Disposed ಮಾತ್ರ ತಗೊಳ್ಳೋ ಆಸೆ ಸಹಜ. ಆದರೆ ಬೇಗ ಮುಗಿಯೋದರಲ್ಲಿ ರಾಜಿಯಾದ ಕೇಸು ಜಾಸ್ತಿ ಇರಬಹುದು. ವರ್ಷಗಟ್ಟಲೆ ಕಾಯುತ್ತಿರುವವರು, ಅಂದರೆ ಯಾರಿಗಾಗಿ ಈ ಕಲಂ ಬಂತೋ ಅವರೇ, ಲೆಕ್ಕದಿಂದ ಹೊರಗೆ. ಕ್ಲೋಸ್ ಆದ ಟಿಕೆಟ್ ಮಾತ್ರ ನೋಡಿ ‘ನಮ್ಮ ಸಪೋರ್ಟ್ ತುಂಬಾ ಫಾಸ್ಟ್’ ಅಂದ ಹಾಗೆ. ಆದ್ದರಿಂದ ಒಂದು ವರ್ಷದಲ್ಲಿ ದಾಖಲಾದ ಎಲ್ಲ ಚೆಕ್ ಕೇಸುಗಳನ್ನೂ, ಬಾಕಿ ಇರಲಿ ಮುಗಿದಿರಲಿ, ಒಂದೇ ಪಟ್ಟಿಗೆ ಹಾಕಬೇಕು.

ಇನ್ನು ಎಷ್ಟು ಕೇಸು? ‘384’ ಅಂತ ಬಾಯಿಪಾಠ ಹೇಳುವವರಿದ್ದಾರೆ. ಅದು ಬರೋದು ಹೀಗೆ:

```
n = 1.96² × 0.5 × 0.5 / 0.05² ≈ 384
```

ಅಂದರೆ ಶೇ. 95 ವಿಶ್ವಾಸ ಮಟ್ಟ, ಆಚೀಚೆ ಶೇ. 5 ವ್ಯತ್ಯಾಸ. ಉದಾಹರಣೆಗೆ ಪಟ್ಟಿಯಲ್ಲಿ 2,000 ಕೇಸು ಇವೆ ಅಂತಿಟ್ಟುಕೊಳ್ಳಿ. ಪಟ್ಟಿ ಇಷ್ಟು ಚಿಕ್ಕದಿದ್ದರೆ ಸುಮಾರು 322 ಸಾಕು. 1ರಿಂದ 6ರೊಳಗೆ ಚೀಟಿ ಎತ್ತಿ ಒಂದು ಸಂಖ್ಯೆ ತಗೊಂಡು, ಅಲ್ಲಿಂದ ಪ್ರತಿ ಆರನೆಯ ಕೇಸನ್ನು ಆರಿಸಿದರೆ ಸುಮಾರು 333 ಸಿಗುತ್ತವೆ.

ಇಲ್ಲೇ ಪರೀಕ್ಷಕರು ಹಿಡಿಯೋದು. ಆರೋಪಿ ಕೋರ್ಟಿಗೆ ಬಂದು ಹೇಳಿಕೆ ಕೊಡದಿದ್ದರೆ 143ಎ ಮಾತೇ ಏಳುವುದಿಲ್ಲ. ಸಮನ್ಸ್ ಹಂತದಲ್ಲೇ ನಿಂತ ಕೇಸನ್ನೂ ಸೇರಿಸಿ ಶೇಕಡಾವಾರು ತೆಗೆದು ‘ನ್ಯಾಯಾಧೀಶರು ಪರಿಹಾರ ಕೊಡ್ತಿಲ್ಲ’ ಅಂದರೆ ಅದು ತಪ್ಪು ತೀರ್ಮಾನ. ಪ್ರತಿ ಕೇಸಿಗೂ ಮೂರು ಕಾಲಂ ಬೇಕು: ಆರೋಪಿಯ ಹೇಳಿಕೆ ದಾಖಲಾಯಿತೇ, ದೂರುದಾರರು ಅರ್ಜಿ ಕೊಟ್ಟರೇ, ಆದೇಶ ಏನಾಯಿತು. ಆಗ ಹಣ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಗೊತ್ತಾಗುತ್ತದೆ. ಸಮನ್ಸ್ ತಲುಪದ್ದು ಒಂದು ರೋಗ, ಅರ್ಜಿಯನ್ನೇ ಹಾಕದ್ದು ಇನ್ನೊಂದು; ಎರಡಕ್ಕೂ ಮದ್ದು ಬೇರೆ.

ಇದಕ್ಕೊಂದು ಬೆಲೆಯೂ ಇದೆ. 333ರಲ್ಲಿ ಅರ್ಧ ಮಾತ್ರ ಹೇಳಿಕೆಯ ಹಂತ ದಾಟಿದ್ದರೆ, ಆದೇಶದ ಬಗ್ಗೆ ಮಾತಾಡಲು ಉಳಿಯೋದು 166 ಕೇಸು. ಅಲ್ಲಿ ವ್ಯತ್ಯಾಸ ಶೇ. 5 ಅಲ್ಲ, ಸುಮಾರು 7. ಇದನ್ನು ಪ್ರಬಂಧದಲ್ಲೇ ಬರೆದಿಡಬೇಕು, ವೈವಾದಲ್ಲಿ ಕೇಳುವವರೆಗೆ ಕಾಯಬಾರದು.

ಕೊನೆಯ ಪ್ರಶ್ನೆ: ಶಿವಾಜಿನಗರ ಒಂದೇ ಯಾಕೆ? ‘ಹತ್ತಿರ ಇತ್ತು’ ಅನ್ನೋದು ನಿಜವಾದ ಕಾರಣವೇ, ಹೇಳಲು ನಾಚಿಕೆ ಬೇಡ. ಆದರೆ ಅದರ ಜೊತೆಗೆ, ‘ನನ್ನ ಫಲಿತಾಂಶ ಈ ನ್ಯಾಯಾಲಯದ ಈ ವರ್ಷದ ಕೇಸುಗಳಿಗೆ ಮಾತ್ರ. ಬೆಳಗಾವಿಯ ಬಗ್ಗೆ ಹೇಳಬೇಕಾದರೆ ಬೆಳಗಾವಿಯ ಪಟ್ಟಿಯನ್ನೇ ತೆಗೀಬೇಕು’ ಅನ್ನೋ ವಾಕ್ಯವೂ ಬರಬೇಕು. ‘ಮಹಾರಾಷ್ಟ್ರದಲ್ಲಿ ಚೆಕ್ ಬೌನ್ಸ್ ಪರಿಹಾರ’ ಅಂತಿದ್ದ ಶೀರ್ಷಿಕೆಯನ್ನು ಆಕೆ ಅವತ್ತೇ ಬದಲಾಯಿಸಿದರು.