ಬೀಳು, ಬೀಳಿಸು: ಮೂರು ವರ್ಷದ ಮಗುವಿನ ಕಿವಿಗೆ ಬೀಳುವುದೇನು?



ನಮ್ಮ ಸಿದ್ದಾಪುರದ ಯಾವುದೇ ಮನೆಯಲ್ಲಿ ಬೆಳಗ್ಗೆ ಅರ್ಧ ಗಂಟೆ ಕೂತು ಕೇಳಿ. ‘ಮಗೂಗೆ ತಿನ್ಸು’, ‘ಇಲ್ಲಿ ಕೂರ್ಸು’, ‘ಲೋಟ ಬೀಳಿಸ್ಬೇಡ’. ಈ ಮಾತುಗಳಲ್ಲೆಲ್ಲ ಬರುವ ‘ಇಸು’ ಎಂಬ ಪ್ರತ್ಯಯವನ್ನು ನಾವು ಶಾಲೆಯಲ್ಲಿ ‘ಪ್ರೇರಣಾರ್ಥಕ’ ಎಂದು ಕಲಿತಿದ್ದೇವೆ. ತಾನೇ ಬಿದ್ದರೆ ಬೀಳು, ಬೇರೊಬ್ಬರು ಕಾರಣವಾದರೆ ಬೀಳಿಸು. ಮಕ್ಕಳು ಭಾಷೆ ಕಲಿಯುವ ಬಗ್ಗೆ ಜಗತ್ತಿನಲ್ಲಿ ನಡೆದಿರುವ ದೊಡ್ಡ ವಾದವೊಂದು 2003ರಲ್ಲಿ ಒಂದು ಪ್ರಯೋಗದ ಮೂಲಕ ಈ ‘ಇಸು’ವಿನ ಮೇಲೆ ಬಂದು ನಿಂತಿತು. ಇವತ್ತು ಆ ಒಂದು ಪ್ರಯೋಗದ ಬಗ್ಗೆಯೇ ಮಾತಾಡುತ್ತೇನೆ.

ವಾದ ಇಷ್ಟು. ನೋಮ್ ಚಾಮ್‌ಸ್ಕಿಯವರ ಉತ್ಪಾದಕ ವ್ಯಾಕರಣದ ಪಂಥದವರ ಪ್ರಕಾರ, ವಾಕ್ಯಗಳು ಹೇಗಿರಬಹುದು ಎಂಬ ಒಂದು ಚೌಕಟ್ಟನ್ನು ಮಗು ಹುಟ್ಟುವಾಗಲೇ ತಂದಿರುತ್ತದೆ. ಮೈಕಲ್ ಟೊಮಸೆಲ್ಲೊ ಮೊದಲಾದ ಬಳಕೆವಾದಿಗಳು ಇದನ್ನು ಒಪ್ಪುವುದಿಲ್ಲ. ಮಗು ಕೇಳಿದ ಮಾತುಗಳನ್ನೇ ಒಂದೊಂದಾಗಿ ಕೂಡಿಟ್ಟುಕೊಂಡು, ಅವುಗಳ ಹೋಲಿಕೆ ಹಿಡಿದು, ನಿಧಾನವಾಗಿ ವ್ಯಾಕರಣವನ್ನು ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ ಅವರು. ಮಗು ಸರಿಯಾಗಿ ಮಾತಾಡುವುದನ್ನು ತೋರಿಸಿದರೆ ಈ ಜಗಳ ತೀರುವುದಿಲ್ಲ, ಏಕೆಂದರೆ ಅದು ಎರಡು ಪಕ್ಷಕ್ಕೂ ಒಪ್ಪಿಗೆಯಾಗುತ್ತದೆ. ಕಿವಿಗೆ ಬೀಳುವ ಭಾಷೆ ಒಂದು ದಾರಿ ತೋರಿಸುತ್ತಿರಬೇಕು, ಹುಟ್ಟಿನಿಂದ ಬಂದದ್ದು ಎನ್ನುವ ಚೌಕಟ್ಟು ಇನ್ನೊಂದು ದಾರಿ ತೋರಿಸುತ್ತಿರಬೇಕು. ಅಂಥ ಕಡೆ ಮಗು ಯಾವ ದಾರಿ ಹಿಡಿಯುತ್ತದೆ ಎಂದು ನೋಡಬೇಕು.

ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಅಂಥ ಜಾಗವನ್ನು ಕನ್ನಡದಲ್ಲಿ ಕಂಡರು. ಯಾರೋ ಏನನ್ನೋ ಆಗುವಂತೆ ಮಾಡಿದರು ಎಂದು ತಿಳಿಯಲು ಕನ್ನಡದಲ್ಲಿ ಎರಡು ಸುಳಿವುಗಳಿವೆ. ಒಂದು, ಕ್ರಿಯಾಪದದ ಮೇಲಿನ ‘ಇಸು’. ಇನ್ನೊಂದು, ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆ. ಎರಡನೆಯದು ಅಷ್ಟು ಗಟ್ಟಿಯಲ್ಲ. ‘ರಾಮ ಮರವನ್ನು ನೋಡಿದ’ ಎಂಬಲ್ಲಿ ಎರಡು ನಾಮಪದಗಳಿವೆ, ಆದರೆ ಮರಕ್ಕೆ ಏನೂ ಆಗಲಿಲ್ಲ. ಹಾಗಾಗಿ ಕೇಳಿದ್ದರಿಂದಲೇ ಕಲಿಯುವ ಮಗು ‘ಇಸು’ವನ್ನು ನಂಬಬೇಕು ಎಂದು ಅವರು ಲೆಕ್ಕ ಹಾಕಿದರು. ಪಾತ್ರಗಳ ಸಂಖ್ಯೆಗೂ ನಾಮಪದಗಳ ಸಂಖ್ಯೆಗೂ ನಂಟಿದೆ ಎಂಬ ಚೌಕಟ್ಟು ಹುಟ್ಟಿನಿಂದಲೇ ಇದ್ದರೆ ಮಗು ನಾಮಪದಗಳನ್ನು ಎಣಿಸಬೇಕು.

ಮೂರು ವರ್ಷದ ಕನ್ನಡದ ಮಕ್ಕಳಿಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ಬೇಕೆಂದೇ ಕೆಲವು ವಾಕ್ಯಗಳನ್ನು ತಪ್ಪಾಗಿ ಕಟ್ಟಿದ್ದರು. ಅಂಥವು ಹೇಗಿರುತ್ತವೆ ಎಂದು ನಾನೇ ಎರಡು ಮಾದರಿ ಕೊಡುತ್ತೇನೆ. ‘ಮೊಸಳೆ ಕುದುರೆಯನ್ನು ಬೀಳುತ್ತದೆ’ ಎಂಬಲ್ಲಿ ಎರಡು ನಾಮಪದಗಳಿವೆ, ‘ಇಸು’ ಇಲ್ಲ. ‘ಕುದುರೆ ಬೀಳಿಸುತ್ತದೆ’ ಎಂಬಲ್ಲಿ ‘ಇಸು’ ಇದೆ, ನಾಮಪದ ಒಂದೇ. ಮೊದಲನೆಯ ಬಗೆಯನ್ನು ಕೇಳಿದಾಗ ಮಕ್ಕಳು ಮೊಸಳೆಯಿಂದ ಕುದುರೆಯನ್ನು ಬೀಳಿಸುವಂಥ ಆಟ ಆಡಿದರು. ಎರಡನೆಯದನ್ನು ಕೇಳಿದಾಗ ‘ಇಸು’ ಅವರ ಕಿವಿಗೆ ಬೀಳಲೇ ಇಲ್ಲವೇನೋ ಎಂಬಂತೆ ಆಡಿದರು. ದೊಡ್ಡವರು ‘ಇಸು’ವಿಗೆ ಬೆಲೆ ಕೊಟ್ಟರು, ಮಕ್ಕಳು ಕೊಡಲಿಲ್ಲ. ಹೆಚ್ಚು ನಂಬಿಕಸ್ತ ಸುಳಿವನ್ನು ಬಿಟ್ಟು ಕಡಿಮೆ ನಂಬಿಕಸ್ತ ಸುಳಿವನ್ನು ಹಿಡಿದರಲ್ಲ, ಇದು ಹುಟ್ಟಿನಿಂದ ಬಂದ ಚೌಕಟ್ಟಿನ ಹೆಜ್ಜೆಗುರುತು ಎಂದರು ಲಿಡ್ಜ್ ಮತ್ತು ಗ್ಲೈಟ್‌ಮನ್ನರು.

2004ರಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಉತ್ತರ ಬರೆದರು. ಹೇಳಬೇಕಾದವರನ್ನು ಹೆಸರಿಸುವುದು ಮನುಷ್ಯರ ಸಂವಹನದ ಸಾಮಾನ್ಯ ರೀತಿ, ಎರಡು ಹೆಸರು ಕೇಳಿದವರು ಇಬ್ಬರಿಗೂ ಒಂದು ಪಾತ್ರ ಹುಡುಕುತ್ತಾರೆ, ಅದಕ್ಕೆ ಹುಟ್ಟುವ್ಯಾಕರಣ ಬೇಕಿಲ್ಲ ಎಂಬುದು ಅವರ ವಾದದ ತಿರುಳು. ನಾಮಪದ ಎಣಿಸುವುದನ್ನು ಇದು ಚೆನ್ನಾಗಿಯೇ ವಿವರಿಸುತ್ತದೆ. ಇಷ್ಟೆಲ್ಲ ಕೇಳಿದ ಮೇಲೂ ಮಗು ‘ಇಸು’ವನ್ನು ಏಕೆ ಬಿಟ್ಟಿತು ಎಂಬುದಕ್ಕೆ ಮಾತ್ರ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಆ ಕಾರಣ ನಮ್ಮ ಮನೆಯ ಮಾತಿನಲ್ಲೇ ಇರಬಹುದು ಎಂದು ನನಗೆ ಅನ್ನಿಸುತ್ತದೆ. ವ್ಯಾಕರಣ ಪುಸ್ತಕದ ‘ಇಸು’ ಬೇರೆ, ಮಗುವಿನ ಕಿವಿಗೆ ಬೀಳುವ ‘ಸು’ ಬೇರೆ. ‘ಚಂದಮಾಮ ಕಾಣಿಸ್ತಾನಾ?’, ‘ಹಕ್ಕಿ ಕೂಗಿದ್ದು ಕೇಳಿಸ್ತಾ?’ ಎನ್ನುತ್ತೇವೆ. ಇಲ್ಲಿ ಯಾರೂ ಯಾರಿಗೂ ಏನೂ ಮಾಡಿಸುತ್ತಿಲ್ಲ. ‘ಮೂಗು ಒರೆಸು’, ‘ಬೆರಳು ಎಣಿಸು’ ಎಂಬಲ್ಲಿ ‘ಸು’ ತೆಗೆದರೆ ಉಳಿಯುವುದು ಅದೇ ಅರ್ಥದ ಬೇರೊಂದು ಕ್ರಿಯೆಯಲ್ಲ. ಪ್ರೀತಿಸು, ಯೋಚಿಸು ಎಂಬಲ್ಲಿ ‘ಇಸು’ ಬರೀ ನಾಮಪದವನ್ನು ಕ್ರಿಯಾಪದ ಮಾಡಿದೆ. ಅವಸರದ ಮಾತಿನಲ್ಲಂತೂ ‘ಇ’ ಉದುರಿ ‘ತಿನ್ಸು’, ‘ಮಲಗ್ಸು’ ಆಗುತ್ತದೆ. ಇವನ್ನೆಲ್ಲ ಎಣಿಸಿದರೆ, ಎರಡು ವರ್ಷದ ಮಗುವಿಗೆ ‘ಇಸು’ ಅಷ್ಟು ನಂಬಿಕಸ್ತ ಸುಳಿವೇ? ಮನೆಯಲ್ಲಿ ಮಗುವಿಗೆ ಆಡುವ ಮಾತನ್ನು ಗಂಟೆಗಟ್ಟಲೆ ಧ್ವನಿಮುದ್ರಿಸಿ ಎಣಿಸದೆ, ‘ಕೇಳಿದ್ದು ಈ ಕಡೆ ತೋರಿಸುತ್ತಿತ್ತು’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ತೊಡಕು ಇದೆ. ಪ್ರಾಣಿಗಳು ಕರ್ಮವಾದಾಗ ಕನ್ನಡ ‘ಅನ್ನು’ ಬೇಡುತ್ತದೆ. ‘ಕುದುರೆಯನ್ನು’ ಎಂದಾಗ ಮಗು ಎರಡನೆಯ ನಾಮಪದವನ್ನು ಎಣಿಸಿತೋ, ದ್ವಿತೀಯಾ ವಿಭಕ್ತಿಯನ್ನು ಕೇಳಿತೋ? 2008ರಲ್ಲಿ ಟರ್ಕಿ ಭಾಷೆಯ 60 ಮಕ್ಕಳ ಮೇಲೆ ಗೋಕ್ಸುನ್, ಕುಂತಾಯ್, ನೈಗಲ್ಸ್ ಇದೇ ಬಗೆಯ ಪ್ರಯೋಗ ಮಾಡಿದರು. ಆ ಭಾಷೆಗೂ ಪ್ರೇರಣಾರ್ಥಕ ಪ್ರತ್ಯಯವಿದೆ, ದ್ವಿತೀಯೆಯೂ ಇದೆ. ನಮ್ಮ ಮಕ್ಕಳಂತೆಯೇ ಅಲ್ಲಿಯೂ ಪ್ರೇರಣಾರ್ಥಕ ಪ್ರತ್ಯಯದಿಂದ ಏನೂ ಹೆಚ್ಚಲಿಲ್ಲ. ನಾಮಪದಗಳ ಸಂಖ್ಯೆ ಕೆಲಸ ಮಾಡಿತು, ಆದರೆ ಹಿಂದಿನ ಪ್ರಯೋಗಗಳಲ್ಲಿ ಇಂಗ್ಲಿಷ್ ಮಕ್ಕಳ ಮೇಲೆ ಮಾಡಿದಷ್ಟಲ್ಲ. ದ್ವಿತೀಯಾ ಪ್ರತ್ಯಯ ಸೇರಿದಾಗ ‘ಮಾಡಿಸುವ’ ಆಟ ಹೆಚ್ಚಾಯಿತು. ಅಂದರೆ ಮಕ್ಕಳು ಪ್ರತ್ಯಯಗಳಿಗೆ ಕಿವುಡರಲ್ಲ, ಒಂದು ಪ್ರತ್ಯಯ ಕೇಳಿ ಇನ್ನೊಂದನ್ನು ಬಿಡುತ್ತಾರೆ. ಭಾಷೆಯಿಂದ ಭಾಷೆಗೆ ಎಣಿಕೆಯ ಬಲ ಬದಲಾಗುವುದು ಬಳಕೆವಾದಕ್ಕೆ ಅನುಕೂಲ. ಎರಡೂ ಭಾಷೆಗಳಲ್ಲಿ ಅದೇ ಪ್ರತ್ಯಯ ಸೋತದ್ದು ಎದುರು ಪಕ್ಷಕ್ಕೆ ಅನುಕೂಲ.

ಹಾಗಾದರೆ ತೀರ್ಪು ಕೊಡಬಲ್ಲ ಸಾಕ್ಷ್ಯ ಹೇಗಿರಬೇಕು? ಮಕ್ಕಳು ಮೂರಕ್ಕಿಂತ ಚಿಕ್ಕವರಿರಬೇಕು, ಏಕೆಂದರೆ ಮೂರು ವರ್ಷದಲ್ಲಿ ಮಗು ಎಷ್ಟೋ ಕೇಳಿ ಮುಗಿಸಿರುತ್ತದೆ. ‘ಬೀಳು’ವಿನಂಥ ಗೊತ್ತಿರುವ ಪದದ ಬದಲು ಹೊಸದಾಗಿ ಕಟ್ಟಿದ ಕ್ರಿಯಾಪದ ಬೇಕು. ಕೆಲವು ವಾಕ್ಯಗಳಲ್ಲಿ ಕುದುರೆಯ ಬದಲು ‘ಕಲ್ಲು’ ಇರಬೇಕು, ಏಕೆಂದರೆ ‘ಕಲ್ಲು ಎತ್ತು’ ಎಂಬಲ್ಲಿ ‘ಅನ್ನು’ ಇಲ್ಲದೆಯೂ ಕನ್ನಡ ನಡೆಯುತ್ತದೆ. ಆಗ ಎಣಿಕೆಯನ್ನೂ ವಿಭಕ್ತಿಯನ್ನೂ ಬೇರೆ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಕ್ಕೆ ಬಂದ ಮಗುವಿಗೆ ಮನೆಯಲ್ಲಿ ಎಷ್ಟು ಬೀಳು-ಬೀಳಿಸು ಜೋಡಿಗಳು ಕೇಳಿಸಿವೆ ಎಂಬ ಲೆಕ್ಕ ಕೈಯಲ್ಲಿರಬೇಕು. ಜೋಡಿಗಳನ್ನು ಹೆಚ್ಚು ಕೇಳಿದ ಮಕ್ಕಳು ‘ಇಸು’ವನ್ನು ಬೇಗ ಹಿಡಿದರೆ ಬಳಕೆವಾದ ಗೆದ್ದಂತೆ. ಹತ್ತು ಪಟ್ಟು ಕೇಳಿದವರೂ ಕಡಿಮೆ ಕೇಳಿದವರೂ ಒಂದೇ ವಯಸ್ಸಿನವರೆಗೆ ನಾಮಪದವನ್ನೇ ಎಣಿಸುತ್ತಿದ್ದರೆ, ಬಳಕೆಯ ಲೆಕ್ಕದಿಂದ ಅದನ್ನು ವಿವರಿಸುವುದು ಬಹಳ ಕಷ್ಟ. 2003ರ ಪ್ರಯೋಗ ‘ಹೆಚ್ಚು ನಂಬಿಕಸ್ತ ಸುಳಿವನ್ನೇ ಮಗು ಮೊದಲು ಹಿಡಿಯುತ್ತದೆ’ ಎಂಬ ಸರಳ ನಂಬಿಕೆಯನ್ನು ಅಲುಗಾಡಿಸಿತು. ಹುಟ್ಟುವ್ಯಾಕರಣವನ್ನು ಅದು ಸಾಬೀತು ಮಾಡಲಿಲ್ಲ ಎಂಬುದು ನನ್ನ ತೀರ್ಮಾನ.

ಮಗುವಿಗೆ ಕೇಳಿಸಿದ ಮಾತಿನ ಆ ಲೆಕ್ಕ ಪ್ರಯೋಗಶಾಲೆಯಲ್ಲಿ ಸಿಗುವುದಿಲ್ಲ, ನಿಮ್ಮ ಮನೆಗಳಲ್ಲಿದೆ. ಮನೆಯಲ್ಲಿ ಎರಡು ವರ್ಷದೊಳಗಿನ ಮಗುವಿದ್ದರೆ, ವಾರಕ್ಕೊಮ್ಮೆ ಊಟದ ಹೊತ್ತಿನ ಅರ್ಧ ಗಂಟೆಯ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ದಿನಾಂಕ ಹಾಕಿ ಇಡಿ. ಪಕ್ಕದಲ್ಲಿ ತಮಿಳೋ ತೆಲುಗೋ ಉರ್ದುವೋ ಸೇರಿಕೊಂಡರೆ ಅದನ್ನು ಅಳಿಸಬೇಡಿ. ಮಗು ‘ಬೀಳು’ ಎನ್ನಬೇಕಾದಲ್ಲಿ ‘ಬೀಳಿಸು’ ಎಂದರೆ, ಇಲ್ಲವೇ ‘ಬೀಳಿಸು’ ಎನ್ನಬೇಕಾದಲ್ಲಿ ‘ಬೀಳು’ ಎಂದರೆ, ಅದು ಹೇಳಿದ ಹಾಗೆಯೇ ಬರೆದಿಡಿ, ತಿದ್ದಿ ಬರೆಯಬೇಡಿ.